ಅರ್ಧವೃತ್ತ ಬಂದ ಕೂಡಲೇ ಉತ್ತರ ತಪ್ಪುವುದೇಕೆ?

“ಅಡ್ಡಸೀಳು ಚೌಕವಾಗಿದ್ದರೆ ಘನಫಲ ಸರಿಯಾಗಿ ಬರುತ್ತದೆ. ಅರ್ಧವೃತ್ತವಾದರೆ ಪ್ರತಿ ಸಲ ತಪ್ಪುತ್ತೇನೆ. ಎಲ್ಲಿ ಎಡವುತ್ತಿದ್ದೇನೆ?”

ಬಹುಪಾಲು ಅನುಕಲನದಲ್ಲಿ ಅಲ್ಲ, ಅದಕ್ಕೂ ಒಂದು ಹೆಜ್ಜೆ ಮೊದಲು. ತಳದ ಮೇಲೆ ಎಳೆದ ಗೆರೆ ಆ ಅರ್ಧವೃತ್ತಕ್ಕೆ ಏನಾಗಬೇಕು ಎಂದು ನೋಡದೆ ಮುಂದೆ ಹೋಗುತ್ತೇವೆ.

y = √x ವಕ್ರರೇಖೆ, x-ಅಕ್ಷ ಮತ್ತು x = 4 ಎಂಬ ಗೆರೆಗಳ ನಡುವಿನ ಪ್ರದೇಶವನ್ನು ತಳವೆಂದು ಇಟ್ಟುಕೊಳ್ಳೋಣ. ಅದು ಕಾಗದದ ಮೇಲೆ ಮಲಗಿದೆ. x-ಅಕ್ಷಕ್ಕೆ ಲಂಬವಾಗಿ ಸೀಳುತ್ತ ಹೋದರೆ ಪ್ರತಿ x ಬಳಿಯೂ √x ಉದ್ದದ ಗೆರೆಯೊಂದು ಸಿಗುತ್ತದೆ. ಆ ಗೆರೆಯ ಮೇಲೆ ಕಾಗದದಿಂದ ನೆಟ್ಟಗೆ ಎದ್ದು ನಿಲ್ಲುವ ತೆಳುವಾದ ಬಿಲ್ಲೆಯನ್ನು ಇಡಬೇಕು. ಎಲ್ಲ ಬಿಲ್ಲೆಗಳನ್ನು ಒತ್ತಾಗಿ ಜೋಡಿಸಿದರೆ ಘನಾಕೃತಿ ಸಿದ್ಧ.

ಬಿಲ್ಲೆ ಚೌಕವಾದರೆ ಗೆರೆಯೇ ಅದರ ಬಾಹು. ವಿಸ್ತೀರ್ಣ (√x)² = x. ಅದನ್ನು 0 ಯಿಂದ 4 ರವರೆಗೆ ಅನುಕಲಿಸಿದರೆ ಘನಫಲ 8.

ಅರ್ಧವೃತ್ತವಾದರೆ ಅದೇ ಗೆರೆ ವ್ಯಾಸ, ತ್ರಿಜ್ಯವಲ್ಲ. ಬಿಲ್ಲೆ ತನ್ನ ಚಪ್ಪಟೆ ಅಂಚನ್ನು ತಳಕ್ಕೆ ಊರಿ ನಿಂತಿರುತ್ತದೆ, ಆ ಅಂಚೇ ವ್ಯಾಸ. ಹಾಗಾಗಿ ತ್ರಿಜ್ಯ √x/2, ವಿಸ್ತೀರ್ಣ ½ · π · x/4 = πx/8. ಅನುಕಲಿಸಿದರೆ ಘನಫಲ ಸರಿಯಾಗಿ π, ಅಂದರೆ ಸುಮಾರು 3.14. ಗೆರೆಯನ್ನೇ ತ್ರಿಜ್ಯವೆಂದು ಹಿಡಿದಿದ್ದರೆ 4π ಬರುತ್ತಿತ್ತು. ತ್ರಿಜ್ಯ ಎರಡು ಪಟ್ಟಾದರೆ ವಿಸ್ತೀರ್ಣ ನಾಲ್ಕು ಪಟ್ಟಾಗುತ್ತದೆಯಲ್ಲವೇ!

ಈ ತಪ್ಪನ್ನು ಹಿಡಿಯಲು ಉತ್ತರಪಟ್ಟಿ ಬೇಕಿಲ್ಲ. ಒಂದೇ ಗೆರೆಯ ಮೇಲೆ ಚೌಕವನ್ನೂ ಅರ್ಧವೃತ್ತವನ್ನೂ ಬರೆದು ನೋಡಿ: ಅರ್ಧವೃತ್ತ ಚೌಕದೊಳಗೇ ಅಡಗುತ್ತದೆ, ಅದರ ಅರ್ಧದಷ್ಟು ಎತ್ತರಕ್ಕೆ ಮಾತ್ರ ಏರುತ್ತದೆ. ಆದ್ದರಿಂದ ಅದರ ಘನಫಲ 8 ಕ್ಕಿಂತ ಕಡಿಮೆ ಇರಲೇಬೇಕು. 4π ಎಂದರೆ ಸುಮಾರು 12.57. ಅಲ್ಲಿಗೆ ತಪ್ಪು ಬಯಲಾಯಿತು.

ನನಗೆ ಬಹಳ ಹಿಡಿಸುವ ಸಂಗತಿ ಇನ್ನೊಂದಿದೆ. ಆ 4π ಸುಮ್ಮನೆ ಹುಟ್ಟಿದ ಸಂಖ್ಯೆಯಲ್ಲ, ಬೇರೊಂದು ಘನಾಕೃತಿಯ ಸರಿಯಾದ ಘನಫಲ. ತಳವು y = √x ಮತ್ತು y = −√x ಗಳ ನಡುವೆ ಹರಡಿದ್ದರೆ ಗೆರೆಯ ಉದ್ದ 2√x, ತ್ರಿಜ್ಯ √x; ಆಗ ಉತ್ತರ 4π ಯೇ. ತಳದ ಚಿತ್ರ ಬರೆಯದೆ ಸೂತ್ರಕ್ಕೆ ಕೈ ಹಾಕಿದವರು ತಮಗರಿವಿಲ್ಲದೆ ಈ ಅಗಲವಾದ ತಳದ ಲೆಕ್ಕವನ್ನು ಮಾಡಿರುತ್ತಾರೆ.

ಚಿತ್ರ ಬರೆಯುವಾಗ ಸೀಳುವ ದಿಕ್ಕನ್ನೂ ಗುರುತಿಸಿಕೊಳ್ಳಿ. ಇದೇ ತಳವನ್ನು y-ಅಕ್ಷಕ್ಕೆ ಲಂಬವಾಗಿ ಸೀಳಿದರೆ ಗೆರೆ y² ನಿಂದ 4 ರವರೆಗೆ ಸಾಗುತ್ತದೆ, ಅದರ ಉದ್ದ 4 − y². ಅದರ ಮೇಲೆ ಚೌಕಗಳನ್ನಿಟ್ಟು y = 0 ಯಿಂದ 2 ರವರೆಗೆ ಅನುಕಲಿಸಿದರೆ 256/15, ಸುಮಾರು 17.07. ಮೊದಲಿನ 8 ಕ್ಕೂ ಇದಕ್ಕೂ ಹೊಂದದಿರುವುದು ಸಹಜ, ಏಕೆಂದರೆ ತಳ ಒಂದೇ ಆದರೂ ಅದರ ಮೇಲೆ ಎದ್ದು ನಿಂತ ಆಕೃತಿಗಳು ಎರಡು.