ಹೊಸ ಕೆಲಸಕ್ಕೆ ಸಿದ್ಧನಿದ್ದೇನೆ: ಪೇಮೆಂಟ್ ಬ್ಯಾಕೆಂಡ್, ಹಾಸನ ಅಥವಾ ಬೆಂಗಳೂರು

ನಾನಿದ್ದ ಬೆಂಗಳೂರಿನ ಕಂಪನಿ ಕಳೆದ ತಿಂಗಳು ನಮ್ಮ ಇಡೀ ಟೀಮನ್ನು ಮುಚ್ಚಿತು. ರಿಲೀವಿಂಗ್ ಲೆಟರ್ ಕೈಗೆ ಬಂದಿದೆ. ನೋಟಿಸ್ ಪೀರಿಯಡ್ ಇಲ್ಲ, ಹಾಗಾಗಿ ತಕ್ಷಣ ಸೇರಬಹುದು. ಸದ್ಯ ಹಾಸನದ ಮನೆಯಲ್ಲಿದ್ದೇನೆ.

"ಯಾವ ಕೆಲಸ ಆದ್ರೂ ಸರಿ ಅಂತ ಬರೀಬೇಡ ಕಣೋ, ಯಾರಿಗೆ ಹೇಳ್ಬೇಕು ಅಂತಾನೇ ನಂಗೆ ಗೊತ್ತಾಗಲ್ಲ" ಎಂದಳು ನೇಮಕಾತಿ ವಿಭಾಗದಲ್ಲಿರುವ ಗೆಳತಿ. ಅವಳ ಮಾತು ಸರಿ. ಅದಕ್ಕೇ ನಾನು ಮಾಡಿದ ಒಂದು ಕೆಲಸವನ್ನೇ ಇಲ್ಲಿ ಹೇಳುತ್ತೇನೆ.

ನಮ್ಮ ಆ್ಯಪ್‌ನಲ್ಲಿ ಅಂಗಡಿಯವರು ಡಿಸ್ಟ್ರಿಬ್ಯೂಟರ್‌ಗೆ ಹಣ ಕಟ್ಟುತ್ತಿದ್ದರು. ಸಕಲೇಶಪುರ, ಮೂಡಿಗೆರೆ ಕಡೆ ಸಿಗ್ನಲ್ ಬಂದು ಹೋಗುವುದು ನಮಗೆಲ್ಲ ಗೊತ್ತೇ ಇದೆ. ಹಣ ಹೋಗಿರುತ್ತಿತ್ತು, ಉತ್ತರ ಮಾತ್ರ ಫೋನಿಗೆ ತಲುಪುತ್ತಿರಲಿಲ್ಲ. ಅವರು ಮತ್ತೆ ಬಟನ್ ಒತ್ತುತ್ತಿದ್ದರು, ಎರಡು ಸಲ ಹಣ ಕಡಿತ ಆಗುತ್ತಿತ್ತು.

ಹಣ ಕಟ್ಟುವ ಪುಟ ತೆರೆದಾಗಲೇ ಆ್ಯಪ್ ಆ ಪಾವತಿಗೆಂದೇ ಒಂದು ಕೀ ಹುಟ್ಟಿಸಿ, ಮತ್ತೆ ಒತ್ತಿದಾಗಲೂ ಅದೇ ಕೀ ಕಳಿಸುವಂತೆ ಮಾಡಿದೆವು. ಮೊದಲು ಟೇಬಲ್ ನೋಡಿ, ಆ ಕೀ ಇಲ್ಲದಿದ್ದರೆ ಸೇರಿಸಿದರೆ ಸಾಕು ಅನಿಸುತ್ತದೆ, ಅಲ್ವಾ? ಸಾಲದು. ಎರಡು ರಿಕ್ವೆಸ್ಟ್ ಒಟ್ಟಿಗೇ ಬಂದರೆ ಎರಡಕ್ಕೂ "ಇಲ್ಲ" ಎಂದೇ ಕಾಣುತ್ತದೆ. ಹಾಗಾಗಿ ತಡೆಯುವ ಕೆಲಸವನ್ನು ಡೇಟಾಬೇಸ್‌ಗೇ ಕೊಟ್ಟೆ:

```
UNIQUE (merchant_id, idempotency_key)
```

ಅದೇ ಕೀ ಇರುವ ಎರಡನೆಯ ರಿಕ್ವೆಸ್ಟ್ ಬಂದರೆ ಹೊಸ ಪಾವತಿ ಶುರುವಾಗುವುದಿಲ್ಲ, ಮೊದಲಿನ ಪಾವತಿಯ ಸ್ಥಿತಿಯೇ ಉತ್ತರವಾಗಿ ಹೋಗುತ್ತದೆ. ಇದರಿಂದ ಎಲ್ಲವೂ ಸರಿಹೋಗಲಿಲ್ಲ. ಬ್ಯಾಂಕಿನ ಕಡೆಯಿಂದ ಟೈಮ್‌ಔಟ್ ಆದರೆ ಹಣ ಹೋಯಿತೋ ಇಲ್ಲವೋ ನಮಗೂ ಗೊತ್ತಿರುವುದಿಲ್ಲ. ಅಂಥದ್ದನ್ನು ಫೇಲ್ ಎಂದು ಬರೆಯದೆ ಪೆಂಡಿಂಗ್‌ನಲ್ಲಿಟ್ಟು, ಸ್ಟೇಟಸ್ ಕೇಳುತ್ತಾ ಹೋಗುವ ಜಾಬ್ ಬರೆದೆ. ದಿನದ ಕೊನೆಗೆ ಬ್ಯಾಂಕಿನ ಸೆಟಲ್‌ಮೆಂಟ್ ಫೈಲ್ ಜೊತೆ ತಾಳೆ ನೋಡುವ ಭಾಗವೂ ನನ್ನದೇ. ನನಗೆ ತುಂಬ ಇಷ್ಟವಾದ ಕೆಲಸ ಅದು. ಅಂಗಡಿಯವರ ದಿನದ ದುಡಿಮೆ ಅದರಲ್ಲಿರುತ್ತದೆ.

ಈಗ ಹುಡುಕುತ್ತಿರುವುದು ಇದೇ ಬಗೆಯ ಕೆಲಸ: ಜಾವಾ ಮತ್ತು ಪೋಸ್ಟ್‌ಗ್ರೆಸ್, ಪಾವತಿ ಅಥವಾ ಬಿಲ್ಲಿಂಗ್, ಸೀನಿಯರ್ ಎಂಜಿನಿಯರ್ ಮಟ್ಟ. ಮನೆಯಿಂದ ಆದರೆ ಒಳ್ಳೆಯದು. ವಾರಕ್ಕೆ ಎರಡು ಮೂರು ದಿನ ಬೆಂಗಳೂರಿಗೆ ಬರುವುದಕ್ಕೂ ತೊಂದರೆ ಇಲ್ಲ. ರಾತ್ರಿ ಪಾಳಿಯ ಸಪೋರ್ಟ್ ಕೆಲಸ ಬೇಡ.

ನಿಮ್ಮ ಕಂಪನಿಯಲ್ಲಿ ಇಂಥ ಜಾಗ ಖಾಲಿ ಇದ್ದರೆ ಜಾಬ್ ಐಡಿ ಕಳಿಸಿ. ರೆಸ್ಯೂಮೆ ಜೊತೆಗೆ, ಆ ಕೆಲಸಕ್ಕೆ ನಾನು ಹೇಗೆ ಹೊಂದುತ್ತೇನೆ ಎಂದು ನಾಲ್ಕು ಸಾಲು ಬರೆದು ಕೊಡುತ್ತೇನೆ. ನೀವು ಅದನ್ನು ಹಾಗೇ ಮುಂದೆ ಕಳಿಸಿದರೆ ಸಾಕು. ಜಾಗ ಇಲ್ಲದಿದ್ದರೂ ಪಾವತಿಯ ಕೆಲಸ ಮಾಡುವ ಟೀಮ್‌ನ ಒಬ್ಬರ ಪರಿಚಯ ಮಾಡಿಸಿ, ಹದಿನೈದು ನಿಮಿಷ ಮಾತಾಡುತ್ತೇನೆ. ನನ್ನ ಜೊತೆ ಕೆಲಸ ಮಾಡಿದವರು ಇದನ್ನು ಓದುತ್ತಿದ್ದರೆ, ನಾವು ಒಟ್ಟಿಗೆ ಮಾಡಿದ ಕೆಲಸದ ಬಗ್ಗೆ ಕೆಳಗೆ ಎರಡು ಸಾಲು ಬರೆಯಿರಿ.