ಮೂರರಲ್ಲಿ ಎರಡನ್ನೇ ಹೇಳಿದ ನನ್ನ ಭಾಷಣ

ಯಾದಗಿರಿ ಜಿಲ್ಲೆಯ ಒಂದು ಉಪಕೇಂದ್ರದಲ್ಲಿ ನಾನು ಪ್ರಾಥಮಿಕ ಆರೋಗ್ಯ ಸುರಕ್ಷಾಧಿಕಾರಿ, ಊರಿನವರಿಗೆ ಸಿಸ್ಟರ್. ಕಳೆದ ತಿಂಗಳ ಆರೋಗ್ಯ ಶಿಬಿರದಲ್ಲಿ ಮಕ್ಕಳ ನಡುವಿನ ಅಂತರದ ಬಗ್ಗೆ ಮಾತು ಆರಂಭಿಸಿ ಎರಡು ನಿಮಿಷವೂ ಆಗಿರಲಿಲ್ಲ, ಹನ್ನೊಂದು ತಿಂಗಳ ಕೂಸನ್ನು ಕಂಕುಳಲ್ಲಿಟ್ಟುಕೊಂಡಿದ್ದ ಹೆಣ್ಣುಮಗಳೊಬ್ಬಳು ಹಿಂದಿನ ಸಾಲಿನಿಂದ ಎದ್ದು ನಿಂತಳು.

“ಅಕ್ಕೋರ, ನೀವಽ ಹೇಳಿದ್ರಿ, ಎದಿಹಾಲು ಕುಡಸ್ತಿದ್ರ, ಮುಟ್ಟು ಬರದಿದ್ರ ಏನೂ ಆಗಂಗಿಲ್ಲಂತ. ಈಗ ಹೊಟ್ಟ್ಯಾಗ ಮಿಸುಕಾಡ್ಲಿಕತ್ತೈತಿ.”

ಸ್ಕ್ಯಾನಿಂಗ್ ಚೀಟಿಯಲ್ಲಿ ಹದಿನೆಂಟು ವಾರವೆಂದಿತ್ತು. ಆಶಾ ಕಾರ್ಯಕರ್ತೆಯರು ನೆಲ ನೋಡತೊಡಗಿದರು. ನಾನು ತಾಯಿ ಕಾರ್ಡಿನ ಹಾಳೆಗಳನ್ನು ಸುಮ್ಮನೆ ತಿರುವಿದೆ, ಉತ್ತರ ಅಲ್ಲೇ ಎಲ್ಲೋ ಬರೆದಿರುತ್ತದೆ ಎಂಬಂತೆ. ಕೂಸಿಗೆ ಬೇರೆ ಏನಾದರೂ ಕೊಡುತ್ತಿದ್ದಿರಾ ಎಂದು ಕೇಳಿದಾಗ, ನಾಲ್ಕನೆಯ ತಿಂಗಳಿನಿಂದ ಗಂಜಿ ಕುಡಿಸುತ್ತಿದ್ದುದಾಗಿಯೂ, ರಾತ್ರಿ ಕೂಸು ಅತ್ತೆಯ ಮಗ್ಗುಲಲ್ಲಿ ಮಲಗುತ್ತಿದ್ದುದಾಗಿಯೂ ಹೇಳಿದಳು. ತಪ್ಪು ಅವಳದೇ ಎಂಬ ಧಾಟಿಯಲ್ಲಿ “ಹಾಗಾದರೆ ಅದಕ್ಕೇ” ಎಂದುಬಿಟ್ಟೆ. ಅವಳು ದನಿ ಏರಿಸಲಿಲ್ಲ. “ಗಂಜಿ ಕೊಟ್ರ ಕೆಡತೈತಿ ಅಂತ ಅವತ್ತು ಹೇಳಿದ್ರೇನ್ರಿ?” ಎಂದಳು. ನಾನು ಹೇಳಿರಲಿಲ್ಲ.

ಒಂಬತ್ತು ತಿಂಗಳ ಹಿಂದಿನ ಆ ಶಿಬಿರದಲ್ಲಿ ಬ್ಯಾನರ್ ಕಟ್ಟುವುದು, ಗಣ್ಯರಿಗೆ ಶಾಲು ಹೊದಿಸುವುದು, ಗ್ರೂಪಿಗೆ ಫೋಟೋ ಹಾಕುವುದು ಮುಗಿಯುವಷ್ಟರಲ್ಲಿ ನನಗೆ ಉಳಿದದ್ದು ಹತ್ತು ನಿಮಿಷ. ಮತ್ತೆ ಬಸುರಿಯಾಗದಂತೆ ಎದೆಹಾಲಿನಿಂದ ಸಿಗುವ ರಕ್ಷಣೆಗೆ ಮೂರು ಷರತ್ತುಗಳಿವೆ: ಹೆರಿಗೆಯ ನಂತರ ಮುಟ್ಟು ಮರಳಿರಬಾರದು; ಕೂಸಿಗೆ ಹಗಲೂ ರಾತ್ರಿಯೂ ಎದೆಹಾಲನ್ನು ಬಿಟ್ಟು ಬೇರೇನನ್ನೂ ಕೊಡುತ್ತಿರಬಾರದು; ಕೂಸಿಗೆ ಆರು ತಿಂಗಳು ತುಂಬಿರಬಾರದು. ಇವುಗಳಲ್ಲಿ ಒಂದು ತಪ್ಪಿದರೂ ರಕ್ಷಣೆಯನ್ನು ನಂಬುವಂತಿಲ್ಲ. ಅವಸರದಲ್ಲಿ ನಾನು ಮೊದಲನೆಯದನ್ನು ಪೂರ್ತಿಯಾಗಿಯೂ ಎರಡನೆಯದನ್ನು ಅರ್ಧವಾಗಿಯೂ ಹೇಳಿ, ಮೂರನೆಯದನ್ನು ನುಂಗಿಬಿಟ್ಟಿದ್ದೆ.

ಮುಟ್ಟು ಬಂದ ಮೇಲೆ ನೋಡಿಕೊಂಡರಾಯಿತು ಎಂಬ ನಂಬಿಕೆ ನಮ್ಮ ಕಡೆ ಮನೆಮನೆಯಲ್ಲಿದೆ. ಆದರೆ ಅಂಡಾಣು ಬಿಡುಗಡೆಯಾಗುವುದು ಮುಟ್ಟಿಗೆ ಸುಮಾರು ಎರಡು ವಾರ ಮೊದಲು. ಆದ್ದರಿಂದ ಹೆರಿಗೆಯ ನಂತರದ ಮೊದಲ ಮುಟ್ಟನ್ನು ಕಾಣುವ ಮುನ್ನವೇ ಬಾಣಂತಿ ಮತ್ತೆ ಬಸುರಿಯಾಗಬಹುದು. ಹಾಗಾದಾಗ ಬಾರದ ಮುಟ್ಟನ್ನು ಆಕೆ ಎದೆಹಾಲಿನ ಲೆಕ್ಕಕ್ಕೇ ಬರೆದುಕೊಳ್ಳುತ್ತಾಳೆ, ಯಾರಿಗೂ ಅನುಮಾನ ಬರುವುದಿಲ್ಲ. ಈ ಹೆಣ್ಣುಮಗಳಿಗೂ ಕೂಸು ಒಳಗೆ ಮಿಸುಕಾಡುವವರೆಗೆ ತಿಳಿದಿರಲಿಲ್ಲ.

ಮೈಕು ಕೆಳಗಿಟ್ಟು, ತಪ್ಪು ನನ್ನದೆಂದು ಎಲ್ಲರೆದುರು ಒಪ್ಪಿಕೊಂಡು, ಮೂರೂ ಷರತ್ತುಗಳನ್ನು ಬೆರಳು ಮಡಚಿ ಮತ್ತೆ ಹೇಳಿದೆ. ಉಳಿದ ಮಾತನ್ನು ಪಕ್ಕದ ಅಂಗನವಾಡಿ ಕೋಣೆಯಲ್ಲಿ, ಅತ್ತೆಯಂದಿರನ್ನು ಬಿಪಿ ತಪಾಸಣೆಯ ಸಾಲಿಗೆ ಕಳಿಸಿ, ಒಬ್ಬೊಬ್ಬರೊಂದಿಗೇ ಆಡಿದೆ.

ಮೊದಲು ಬಂದವಳ ಕೂಸಿಗೆ ನಾಲ್ಕು ತಿಂಗಳು. ಮುಟ್ಟು ಬಂದಿರಲಿಲ್ಲ, ಆದರೆ ಹಿಂದಿನ ವಾರದಿಂದ ರಾತ್ರಿ ಆಡಿನ ಹಾಲು ಕೊಡುತ್ತಿದ್ದಳು. ಎರಡನೆಯ ಬೆರಳಿನಲ್ಲೇ ಅವಳ ರಕ್ಷಣೆ ತಪ್ಪಿತ್ತು. ಗಂಡ ಪುಣೆಗೆ ಗಾರೆ ಕೆಲಸಕ್ಕೆ ಹೋಗಿ ಮೂರು ತಿಂಗಳಾಗಿತ್ತು, ಮುಂದಿನ ವಾರ ಬರುವವನಿದ್ದ. ಅತ್ತಿಗೆಯ ಮಾಲಾ-ಎನ್ ಗರ್ಭನಿರೋಧಕ ಮಾತ್ರೆ ಮನೆಯಲ್ಲಿದೆ, ಅದನ್ನೇ ನುಂಗಲೇ ಎಂದು ಕೇಳಿದಳು. ಅದರಲ್ಲಿರುವ ಈಸ್ಟ್ರೋಜೆನ್ ಹಾಲನ್ನು ಕಡಿಮೆ ಮಾಡಬಹುದಾದ್ದರಿಂದ, ಹಾಲುಣಿಸುವವರು ಕೂಸಿಗೆ ಆರು ತಿಂಗಳಾಗುವವರೆಗೆ ಅದನ್ನು ತೆಗೆದುಕೊಳ್ಳಬಾರದೆಂದೆ. ಹಾಲಿಗೆ ತೊಂದರೆ ಮಾಡದ ಅಂತರಾ ಚುಚ್ಚುಮದ್ದನ್ನು ಹೆರಿಗೆಯಾಗಿ ಆರು ವಾರ ಕಳೆದ ಮೇಲೆ ಮೂರು ತಿಂಗಳಿಗೊಮ್ಮೆ ಹಾಕಿಸಿಕೊಳ್ಳಬಹುದು. ಆದರೆ ಮುಟ್ಟು ಏರುಪೇರಾಗುತ್ತದೆ, ಕೆಲವರಿಗೆ ನಿಂತೇಹೋಗುತ್ತದೆ ಎಂದಾಗ, ಅತ್ತೆ ಏನಾದರೂ ಅಂದುಕೊಂಡಾರು ಎಂದು ಹಿಂಜರಿದಳು.

ಕೊನೆಗೆ ಅವಳು ಆರಿಸಿಕೊಂಡದ್ದು ಹಾರ್ಮೋನಿಲ್ಲದ ಛಾಯಾ ಮಾತ್ರೆ. ಗರ್ಭ ಪರೀಕ್ಷೆಯ ಕಾರ್ಡಿನಲ್ಲಿ ಮೂತ್ರ ಪರೀಕ್ಷೆ ಮಾಡಿ, ಕಾಮಾಲೆಯಂಥ ಕಾಯಿಲೆ ಇತ್ತೀಚೆಗೆ ಆಗಿಲ್ಲವೆಂದು ಕೇಳಿ ತಿಳಿದು, ಮೊದಲ ಮೂರು ತಿಂಗಳು ಭಾನುವಾರ ಮತ್ತು ಬುಧವಾರ, ಆಮೇಲೆ ಭಾನುವಾರ ಮಾತ್ರ ಎಂದು ಬಾಯಿಪಾಠ ಮಾಡಿಸಿದೆ. ಮಾತ್ರೆ ಮರೆತ ದಿನಗಳಿಗಾಗಿ ನಿರೋಧ್ ಪೊಟ್ಟಣವನ್ನೂ ಕೊಟ್ಟೆ. ಇದಕ್ಕೆ ಹದಿನೈದು ನಿಮಿಷ ಹಿಡಿಯಿತು. ನಮ್ಮ ವರದಿ ನಮೂನೆಯಲ್ಲಿ ಇದೂ, ನೂರು ಜನರಿಗೆ ಮೈಕಿನಲ್ಲಿ ಹೇಳಿದ್ದೂ ಒಂದೇ ಅಂಕಣದಲ್ಲಿ ಬೀಳುತ್ತವೆ.

ಹಿಂದಿನ ಸಾಲಿನಲ್ಲಿ ಎದ್ದು ನಿಂತವಳು ಎಲ್ಲರೂ ಹೋದ ಮೇಲೆ ಒಳಗೆ ಬಂದಳು. ಹಿಮೋಗ್ಲೋಬಿನ್ 8.6 ಇತ್ತು. ಮುಂದಿನ ಹೆರಿಗೆಯಾಗಿ 48 ಗಂಟೆಗಳೊಳಗೆ ಆಸ್ಪತ್ರೆಯಲ್ಲೇ ಕಾಪರ್-ಟಿ ಹಾಕಿಸಿಕೊಳ್ಳಬಹುದು, ಆ ಸಮಯ ಮೀರಿದರೆ ಆರು ವಾರ ಕಾಯಬೇಕಾಗುತ್ತದೆ ಎಂದೆ. ಗಂಡನನ್ನು ಕೇಳಿ ಹೇಳುವುದಾಗಿ ಹೇಳಿ, ಆ ಮೂರು ಮಾತನ್ನು ಇನ್ನೊಮ್ಮೆ ಹೇಳಿಸಿಕೊಂಡಳು. ತಂಗಿಗೆ ಹೋದ ವಾರವಷ್ಟೇ ಹೆರಿಗೆಯಾಗಿದೆಯಂತೆ.