ಬೈತಲೆ ಬದಲಾದ ಮಗ

ಕುಂದಾಪುರದ ಸಮೀಪ ಚಿಕ್ಕದೊಂದು ಸ್ಟುಡಿಯೊ ನಡೆಸುತ್ತಿದ್ದೇನೆ. ಮದುವೆಯ ಸೀಜನ್ ಮುಗಿದ ಮೇಲೆ, ಮಳೆಗಾಲದ ತಿಂಗಳುಗಳಲ್ಲಿ, ಹೆಚ್ಚಾಗಿ ಹಳೆಯ ಫೋಟೊಗಳನ್ನು ಸರಿಪಡಿಸುವ ಕೆಲಸವೇ ಬರುತ್ತದೆ. ಅಂತಹ ಒಂದು ಜುಲೈಯಲ್ಲಿ ಎಂಬತ್ತು ದಾಟಿದ ಅಜ್ಜಿಯೊಬ್ಬರು ಮೊಮ್ಮಗನ ಜೊತೆ ಬಂದು, ಪ್ಲಾಸ್ಟಿಕ್ ಚೀಲದೊಳಗೆ ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದ ಕಪ್ಪು-ಬಿಳುಪು ಫೋಟೊವೊಂದನ್ನು ಮೇಜಿನ ಮೇಲೆ ಬಿಚ್ಚಿಟ್ಟರು. 1974ರಲ್ಲಿ, ಹಿರಿಯ ಮಗಳ ಮದುವೆಯ ಮಾರನೆಯ ದಿನ, ಮನೆಯಂಗಳದಲ್ಲಿ ತೆಗೆಸಿದ್ದು. ಮುಂದೆ ಕುರ್ಚಿಗಳಲ್ಲಿ ನಾಲ್ವರು, ಹಿಂದೆ ನಿಂತವರು ಐವರು. ಎರಡನೆಯ ಮಗ ಅದರಲ್ಲಿರಲಿಲ್ಲ. ಹದಿನಾಲ್ಕರಲ್ಲೇ ಬೊಂಬಾಯಿಗೆ ಹೋಗಿ ಹೋಟೆಲಿನಲ್ಲಿ ಕೆಲಸಕ್ಕೆ ಸೇರಿದ್ದ ಆ ಹುಡುಗನಿಗೆ ಅಕ್ಕನ ಮದುವೆಗೆ ರಜೆ ಸಿಕ್ಕಿರಲಿಲ್ಲ. ಆಗ ಅವನಿಗೆ ಹದಿನೇಳು. ಆ ಮಗ ತೀರಿಕೊಂಡೇ ಬಹಳ ವರ್ಷಗಳಾಗಿವೆ. "ಅವನನ್ನು ನನ್ನ ಹಿಂದೆ ನಿಲ್ಲಿಸಿ ಕೊಡು," ಎಂದಷ್ಟೇ ಅಜ್ಜಿ ಹೇಳಿದರು.

ಈ ಕೋರಿಕೆ ನನಗೆ ಅನುಕೂಲವಾಗಿಯೇ ಇತ್ತು. ಹೊಸಬರನ್ನು ಗುಂಪಿನ ಅಂಚಿನಲ್ಲಿ ನಿಲ್ಲಿಸಿದರೆ ಕಾಲು, ನೆಲ, ಕಾಲಿನ ಬುಡದ ನೆರಳು ಎಲ್ಲವನ್ನೂ ಬರೆಯಬೇಕಾಗುತ್ತದೆ, ಮತ್ತು ಕಣ್ಣು ಮೊದಲು ತಪ್ಪು ಹಿಡಿಯುವುದು ಅಲ್ಲಿಯೇ. ಪಾದದಡಿಯ ಕಪ್ಪು ಸ್ವಲ್ಪ ಕಡಿಮೆಯಾದರೂ ಮನುಷ್ಯ ತೇಲುತ್ತಿರುವಂತೆ ಕಾಣುತ್ತಾನೆ. ಕುಳಿತವರ ಹಿಂದೆ, ಅಣ್ಣ ಮತ್ತು ತಂಗಿಯ ನಡುವೆ ನಿಲ್ಲಿಸಿದರೆ ಎದೆಯಿಂದ ಮೇಲಷ್ಟೇ ಸಾಕು. ಅಣ್ಣನ ಹೆಗಲು ಅವನ ತೋಳನ್ನು ಸ್ವಲ್ಪ ಮರೆಮಾಡಿದರೆ, ಮೊದಲಿನಿಂದಲೂ ಅಲ್ಲಿಯೇ ನಿಂತಿದ್ದನೆಂಬ ಭಾವನೆ ತಾನಾಗಿಯೇ ಬರುತ್ತದೆ.

ಅವರು ತಂದಿದ್ದ ಆಧಾರ ಒಂದೇ. ಬೊಂಬಾಯಿಯ ಸ್ಟುಡಿಯೊದಲ್ಲಿ ತೆಗೆಸಿ ಊರಿಗೆ ಕಳುಹಿಸಿದ್ದ, ಸೊಂಟದವರೆಗಿನ ಪೋಸ್ಟ್‌ಕಾರ್ಡ್ ಅಳತೆಯ ಚಿತ್ರ. ಮುಖ ದೊಡ್ಡದಾಗಿತ್ತು, ಸ್ಪಷ್ಟವಾಗಿತ್ತು. ಆದರೆ ಬೆಳಕು ಎದುರು ದಿಕ್ಕಿನದು. ಅಂಗಳದ ಫೋಟೊದಲ್ಲಿ ಬಿಸಿಲು ನಮ್ಮ ಎಡಗಡೆಯಿಂದ ಬಿದ್ದಿತ್ತು; ಪ್ರತಿಯೊಬ್ಬರ ಮೂಗಿನ ನೆರಳೂ ಬಲಕ್ಕೆ ಚಾಚಿತ್ತು. ಸ್ಟುಡಿಯೊ ಚಿತ್ರದಲ್ಲಿ ದೀಪ ಬಲಗಡೆಯಿತ್ತು, ನೆರಳು ಎಡ ಕೆನ್ನೆಯ ಮೇಲೆ ಗಟ್ಟಿಯಾಗಿ ಕುಳಿತಿತ್ತು. ಇಂಥ ಸಂದರ್ಭದಲ್ಲಿ ನಮ್ಮಲ್ಲಿ ಹಲವರು ಮಾಡುವುದನ್ನೇ ನಾನೂ ಮಾಡಿದೆ. ಚಿತ್ರವನ್ನು ಕನ್ನಡಿಯಲ್ಲಿ ಕಂಡಂತೆ ಎಡಬಲ ತಿರುಗಿಸಿದೆ. ಬೆಳಕು ತಕ್ಷಣ ಹೊಂದಿಕೊಂಡಿತು, ಎರಡು ಗಂಟೆಯಲ್ಲಿ ಕೆಲಸ ಮುಗಿಯಿತು, ನನಗೆ ತೃಪ್ತಿಯೂ ಆಯಿತು.

ನೋಡಲು ಬಂದ ಅಜ್ಜಿ ಪ್ರಿಂಟನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ಸುಮ್ಮನಿದ್ದರು. ಆಮೇಲೆ, "ಇವ ನನ್ನ ಮಗ ಅಲ್ಲ ಮಾರಾಯ," ಎಂದರು. ಮೊಮ್ಮಗ, "ಮಾವನೇ ಅಜ್ಜಿ, ಸರಿಯಾಗಿ ನೋಡಿ," ಎಂದು ಸಮಾಧಾನ ಹೇಳಲು ಹೋದಾಗ ಅವರು ತಮ್ಮ ತಲೆಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸಿದರು. "ಬೈತಲೆ ಈ ಬದಿಗೆ. ದಿನಾ ಎಣ್ಣೆ ಹಚ್ಚಿ ಬಾಚಿದ್ದು ನಾನಲ್ವಾ?"

ಮುಖದ ಎರಡು ಬದಿಗಳು ಯಾರಲ್ಲಿಯೂ ಒಂದೇ ಸಮನಿರುವುದಿಲ್ಲ. ಒಂದು ಹುಬ್ಬು ತುಸು ಮೇಲಿರುತ್ತದೆ, ತುಟಿಯ ಒಂದು ಕೊನೆ ಇಳಿದಿರುತ್ತದೆ. ಅಪರಿಚಿತನಾದ ನನಗೆ ತಿರುಗಿಸಿದ ಮುಖವೂ ಅದೇ ಮುಖ. ಎದುರಿಗೆ ಕೂರಿಸಿಕೊಂಡು ಬಾಚಿದ ತಾಯಿಗೆ ಅದು ಬೇರೆ ಯಾರದೋ ಮುಖ. ಅಂದು ರಾತ್ರಿ ಮತ್ತೆ ಕಡತ ತೆರೆದು ನೋಡಿದಾಗ, ಅಂಗಿಯ ಜೇಬು ಎಡ ಎದೆಯಿಂದ ಬಲ ಎದೆಗೆ ಹೋಗಿದ್ದೂ ಗುಂಡಿಪಟ್ಟಿ ಅದಲುಬದಲಾಗಿದ್ದೂ ಕಾಣಿಸಿತು. ಅಷ್ಟು ಎದ್ದು ಕಾಣುವ ಗುರುತನ್ನೂ ನಾನು ನೋಡದೆ ಹೋಗಿದ್ದೆನಲ್ಲ ಎಂದು ನಿಜಕ್ಕೂ ನಾಚಿಕೆಯಾಯಿತು.

ಚಿತ್ರವನ್ನು ಮೊದಲಿನಂತೆ ತಿರುಗಿಸಿ, ಬೆಳಕನ್ನಷ್ಟೇ ಬದಲಿಸಲು ಒಂದು ಇಡೀ ದಿನ ಪ್ರಯತ್ನಿಸಿದೆ. ಕತ್ತಲಾದ ಕೆನ್ನೆಯನ್ನು ತಿಳಿ ಮಾಡಬಹುದು, ಆದರೆ ಗಟ್ಟಿ ಅಂಚಿನ ಮೂಗಿನ ನೆರಳನ್ನು ಅಳಿಸಿದರೆ ಅದರಡಿಯ ಚರ್ಮದ ವಿವರ ಅಲ್ಲಿರುವುದೇ ಇಲ್ಲ. ನಾನು ಬರೆದದ್ದೇ ಕೆನ್ನೆಯಾಗುತ್ತದೆ. ಅಂದಾಜಿನಿಂದ ಬರೆದ ಕೆನ್ನೆಯನ್ನು ಆ ತಾಯಿಗೆ ಕೊಡಲು ಮನಸ್ಸು ಬರಲಿಲ್ಲ. ಹಾಗಾಗಿ ಮೊಮ್ಮಗನಿಗೆ ಫೋನ್ ಮಾಡಿ, ಎಷ್ಟೇ ಚಿಕ್ಕದಿರಲಿ, ಮಸುಕಾಗಿರಲಿ, ಬೇರೆ ಫೋಟೊ ಇದ್ದರೆ ಹುಡುಕಿ ಎಂದು ಕೇಳಿಕೊಂಡೆ. ಮೊದಲ ದಿನವೇ ಕೇಳಬೇಕಾಗಿದ್ದ ಪ್ರಶ್ನೆ ಅದು.

ಟ್ರಂಕಿನ ತಳದಲ್ಲಿ ಒಂದು ಸಿಕ್ಕಿತು. 1975ರಲ್ಲಿ ಹೋಟೆಲಿನ ಹುಡುಗರೆಲ್ಲ ಬಾಗಿಲ ಮುಂದೆ ಸಾಲಾಗಿ ನಿಂತು ತೆಗೆಸಿಕೊಂಡದ್ದು. ಕಟ್ಟಡದ ನೆರಳಿನಲ್ಲಿ ನಿಂತಿದ್ದರಿಂದ ಮುಖಗಳ ಮೇಲೆ ಬೆಳಕು ಸಮನಾಗಿ ಹರಡಿತ್ತು. ಗಟ್ಟಿ ನೆರಳನ್ನು ತೆಗೆಯುವುದು ಕಷ್ಟ, ಇಲ್ಲದ ನೆರಳನ್ನು ತೆಳುವಾಗಿ ಕೂರಿಸುವುದು ಸಾಧ್ಯ. ಮುಖದ ಎತ್ತರ ಎಂಟೇ ಮಿಲಿಮೀಟರ್ ಇತ್ತು, ಆದರೂ ಸಾಕಾಯಿತು. 1200 ಡಿಪಿಐಯಲ್ಲಿ, ಎಂದರೆ ಇಂಚಿಗೆ 1200 ಚುಕ್ಕಿಗಳಂತೆ, ಸ್ಕ್ಯಾನ್ ಮಾಡಿದಾಗ ಅದು ಸುಮಾರು 380 ಪಿಕ್ಸೆಲ್ ಆಯಿತು. ಅಂಗಳದ ಫೋಟೊದಲ್ಲಿ ಮುಖಗಳು ಹತ್ತು ಮಿಲಿಮೀಟರ್ ಇದ್ದವು, 600 ಡಿಪಿಐ ಸ್ಕ್ಯಾನಿನಲ್ಲಿ ಸುಮಾರು 236 ಪಿಕ್ಸೆಲ್. ಎಂದರೆ ಮುಖವನ್ನು ಕುಗ್ಗಿಸಿದರೆ ಸಾಕು, ಹಿಗ್ಗಿಸಬೇಕಾಗಿರಲಿಲ್ಲ.

ಹೋಟೆಲ್ ಚಿತ್ರದಲ್ಲಿ ಅವನು ಬನಿಯನ್ನಿನಲ್ಲಿದ್ದ. ಆದ್ದರಿಂದ ತಲೆಯನ್ನು ಅದರಿಂದ, ಅಂಗಿಯನ್ನು ಸ್ಟುಡಿಯೊ ಚಿತ್ರದಿಂದ, ಈ ಬಾರಿ ತಿರುಗಿಸದೆ, ತೆಗೆದುಕೊಂಡೆ. ಬಟ್ಟೆಯ ಮಡಿಕೆಗಳ ನೆರಳನ್ನು ತಿದ್ದಿದರೆ ಯಾರ ಗುರುತೂ ಕೆಡುವುದಿಲ್ಲ, ಕುತ್ತಿಗೆಯ ಜೋಡಣೆ ಕಾಲರಿನ ಒಳಗೆ ಮುಚ್ಚಿಹೋಗುತ್ತದೆ. ಎತ್ತರವನ್ನು ಅಜ್ಜಿಯನ್ನೇ ಕೇಳಿದೆ. ಅಣ್ಣನ ಕಿವಿಯವರೆಗೆ ಬರುತ್ತಿದ್ದನಂತೆ. ಫೋಟೊಶಾಪಿನಲ್ಲಿ ಮುಖದ ಮೇಲೆ ಬೂದು ಬಣ್ಣದ ಲೇಯರ್ ಒಂದನ್ನು ಸಾಫ್ಟ್ ಲೈಟ್ ಎಂಬ ಬೆರೆಸುವ ವಿಧಾನದಲ್ಲಿಟ್ಟು, ಪಕ್ಕದ ಅಣ್ಣನ ಮುಖವನ್ನೇ ಮಾದರಿಯಾಗಿ ನೋಡುತ್ತ, ಬಲಗೆನ್ನೆ, ಮೂಗಿನ ಬಲಬದಿ, ಗಲ್ಲದ ಅಡಿ ಇಷ್ಟನ್ನೇ ಸ್ವಲ್ಪಸ್ವಲ್ಪವಾಗಿ ಕಪ್ಪಾಗಿಸಿದೆ.

ಇಷ್ಟಾದರೂ ಅವನು ಅಂಟಿಸಿದ ಚೀಟಿಯಂತೆ ಮುಂದೆ ಬಂದು ನಿಂತಿದ್ದ. ಕಾರಣ ಕೂದಲು. ಮಾಸಿದ ಹಳೆಯ ಪ್ರಿಂಟಿನಲ್ಲಿ ನಿಜವಾದ ಕಪ್ಪು ಉಳಿದಿರುವುದಿಲ್ಲ. ಸೊನ್ನೆಯನ್ನು ಪೂರ್ಣ ಕಪ್ಪೆಂದು ಎಣಿಸುವ ಅಳತೆಯಲ್ಲಿ ಅಣ್ಣನ ಕೂದಲು 45ರ ಆಸುಪಾಸಿನಲ್ಲಿತ್ತು, ಇವನದು 12. ಆ ಕಪ್ಪನ್ನು ಅಷ್ಟೇ ಮಾಸಿಸಿ, ಬಿಳಿ ಅಂಗಿಯ ಬೆಳಕನ್ನೂ ತಂದೆಯ ಪಂಚೆಯ ಬಿಳುಪಿಗೆ ಇಳಿಸಿ, ಅಂಚುಗಳನ್ನು ಮೂಲ ಲೆನ್ಸಿನಷ್ಟೇ ಮೃದುವಾಗಿಸಿ, ಕೊನೆಗೆ ಹಳೆಯ ಫಿಲ್ಮಿನ ಕಣಕಣವಾದ ಗ್ರೇನ್ ಸೇರಿಸಿದಾಗ ಅವನು ಸಾಲಿನೊಳಕ್ಕೆ ಹಿಂದೆ ಸರಿದು ನಿಂತ. ಇಡೀ ಚಿತ್ರದ ಕಾಂಟ್ರಾಸ್ಟನ್ನು ಹೆಚ್ಚಿಸಿದ್ದು ಅದಾದ ಮೇಲೆ, ಎಲ್ಲರಿಗೂ ಒಟ್ಟಿಗೆ.

ಎರಡನೆಯ ಬಾರಿ ಅಜ್ಜಿಯ ಹಿರಿಯ ಮಗನೂ ಬಂದಿದ್ದರು. ಅವರಿಗೆ ಒಂದು ಅಳುಕಿತ್ತು: ಮುಂದಿನವರು ಇದನ್ನು ನೋಡಿ, ತಮ್ಮನೂ ಮದುವೆಗೆ ಬಂದಿದ್ದನೆಂದೇ ತಿಳಿಯುತ್ತಾರಲ್ಲ? ಅದು ನ್ಯಾಯವಾದ ಮಾತೆನಿಸಿತು. ಫ್ರೇಮಿನ ಹಿಂದಿನ ರಟ್ಟಿನ ಮೇಲೆ, ಹಿಂದಿನ ಸಾಲಿನಲ್ಲಿ ಎಡದಿಂದ ಮೂರನೆಯವರನ್ನು 1975ರ ಚಿತ್ರದಿಂದ ಸೇರಿಸಲಾಗಿದೆ ಎಂದು ಬರೆದು, ಸೇರಿಸಿದ ವರ್ಷವನ್ನೂ ನಮೂದಿಸಿದೆ. ಮುಟ್ಟದ ಸ್ಕ್ಯಾನನ್ನು ಬೇರೆ ಕಡತವಾಗಿಯೇ ಪೆನ್‌ಡ್ರೈವಿನಲ್ಲಿ ಹಾಕಿಕೊಟ್ಟೆ.

ಅಜ್ಜಿ ಬೆರಳಿಟ್ಟು ಒಬ್ಬೊಬ್ಬರನ್ನೇ ಎಣಿಸಿದರು. ಹತ್ತಕ್ಕೆ ನಿಲ್ಲಿಸಿ, ಮೂಲ ಫೋಟೊವನ್ನು ಮತ್ತೆ ಸೀರೆಯ ತುಂಡಿನಲ್ಲಿ ಸುತ್ತತೊಡಗಿದರು. ಇನ್ನು ಅದು ಟ್ರಂಕಿನಲ್ಲೇ ಇರಲಿ ಎಂದು ಮೊಮ್ಮಗ ಹೇಳಿದಾಗ ಅವರು ಒಪ್ಪಲಿಲ್ಲ. "ಅದೂ ಗೋಡೆ ಮೇಲೆ ಇರಲಿ. ಅದರಲ್ಲಿ ಅವ ಬೊಂಬಾಯಿಯಲ್ಲಿದ್ದಾನೆ," ಎಂದರು. ಆ ಫೋಟೊಕ್ಕೂ ಅದೇ ಅಳತೆಯ ಫ್ರೇಮ್ ಹಾಕಿಕೊಟ್ಟೆ.